ಸ್ಟಕ್-ಅಟ್ ಫಾಲ್ಟ್: ಅಂಟಿಕೊಂಡ ತಂತಿಯನ್ನು ಹೊರಗಿನಿಂದಲೇ ಹಿಡಿಯುವುದು ಹೇಗೆ?

ಸರ್ಕಿಟ್‌ನ ಒಂದು ತಂತಿ ಯಾವ ಇನ್‌ಪುಟ್ ಕೊಟ್ಟರೂ ಕದಲದೆ ಸದಾ 0 ಆಗಿಯೇ ಇದ್ದರೆ ಅದನ್ನು ಸ್ಟಕ್-ಅಟ್-0 ಅನ್ನುತ್ತಾರೆ. ಸದಾ 1 ಆಗಿದ್ದರೆ ಸ್ಟಕ್-ಅಟ್-1. ಪದದ ಅರ್ಥ ಇಷ್ಟೇ.

ಆದರೆ ಇದು ಒಂದು ಮಾದರಿ ಅನ್ನುವುದನ್ನು ಮರೆಯಬಾರದು. ಚಿಪ್ ಒಳಗೆ ನಿಜವಾಗಿ ಆಗುವ ಕೆಡುಕು ಬೇರೆ ಬೇರೆ ಥರ ಇರುತ್ತದೆ. ಗೇಟಿನ ಔಟ್‌ಪುಟ್ ಗ್ರೌಂಡ್‌ಗೆ ತಾಗಿರಬಹುದು, ಸಪ್ಲೈ ಲೈನಿಗೆ ತಾಗಿರಬಹುದು, ಎಲ್ಲೋ ಒಂದು ಟ್ರಾನ್ಸಿಸ್ಟರ್ ಆನ್ ಆಗದೇ ಹೋಗಿರಬಹುದು. ಅವನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕುತ್ತಾ ಕೂತರೆ ಮುಗಿಯುವುದಿಲ್ಲ. ಹಾಗಾಗಿ ಗೇಟುಗಳೆಲ್ಲ ಸರಿಯಾಗಿವೆ, ಯಾವುದೋ ಒಂದೇ ಒಂದು ತಂತಿ ಮಾತ್ರ 0ಗೋ 1ಕ್ಕೋ ಅಂಟಿಕೊಂಡಿದೆ ಅಂತ ಅಂದುಕೊಂಡು ಕೆಲಸ ಶುರು ಮಾಡುತ್ತೇವೆ. 1959ರಲ್ಲಿ ಎಲ್ಡ್ರೆಡ್ ಬರೆದ ಲೇಖನದಿಂದ ಈ ದಾರಿ ಬೆಳೆಯಿತು. ಇವತ್ತಿಗೂ ಚಿಪ್ ಟೆಸ್ಟಿಂಗ್ ಶುರುವಾಗುವುದು ಇಲ್ಲಿಂದಲೇ.

ಈಗ ನಿಜವಾದ ಪ್ರಶ್ನೆ. ಚಿಪ್ ಒಳಗಿನ ತಂತಿಗೆ ಮೀಟರ್ ಇಡಲು ಆಗುವುದಿಲ್ಲ. ನಮ್ಮ ಕೈಗೆ ಸಿಗುವುದು ಹೊರಗಿನ ಇನ್‌ಪುಟ್ ಪಿನ್ ಮತ್ತು ಔಟ್‌ಪುಟ್ ಪಿನ್ ಮಾತ್ರ. ಒಳಗಿನ ತಂತಿ ಅಂಟಿಕೊಂಡಿದ್ದರೆ ಹೊರಗಿನ ಔಟ್‌ಪುಟ್ ತಪ್ಪಾಗಿ ಬರಲೇಬೇಕು, ಅಂಥ ಇನ್‌ಪುಟ್ ಯಾವುದು? ಆ ಇನ್‌ಪುಟ್ ಬೆಲೆಗಳ ಗುಂಪಿಗೇ ಟೆಸ್ಟ್ ವೆಕ್ಟರ್ ಅಂತ ಹೆಸರು.

ಚಿಕ್ಕದೊಂದು ಮಲ್ಟಿಪ್ಲೆಕ್ಸರ್ ತೆಗೆದುಕೊಳ್ಳೋಣ. S = 1 ಇದ್ದಾಗ A ಹೊರಗೆ ಬರಬೇಕು, S = 0 ಇದ್ದಾಗ B ಬರಬೇಕು.

```
N = NOT S
P = S AND A
Q = N AND B
Y = P OR Q
```

P ಸ್ಟಕ್-ಅಟ್-0 ಆಗಿದೆ ಅಂದುಕೊಳ್ಳಿ. ಮೊದಲು ಮಾಡಬೇಕಾದದ್ದು ಆ ಫಾಲ್ಟನ್ನು ಕೆಣಕುವುದು. ತಂತಿ 0ಗೆ ಅಂಟಿಕೊಂಡಿದ್ದರೆ, ಅಲ್ಲಿ 1 ಇರಬೇಕಾದ ಸಂದರ್ಭ ತರಬೇಕು, ಇಲ್ಲದಿದ್ದರೆ ಸರಿಯಾದ ಸರ್ಕಿಟ್‌ಗೂ ಕೆಟ್ಟದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ. P = 1 ಆಗಬೇಕಾದರೆ ಅದು ಆಂಡ್ ಗೇಟ್ ಆದ್ದರಿಂದ S = 1, A = 1 ಎರಡೂ ಬೇಕು. ಈಗ P ಸರಿ ಇದ್ದರೆ 1, ಕೆಟ್ಟಿದ್ದರೆ 0. ಹೀಗೆ ಎರಡು ಸರ್ಕಿಟ್‌ಗಳ ಬೆಲೆಯನ್ನು ಒಟ್ಟಿಗೆ ಹೇಳಲು 1966ರಲ್ಲಿ ರಾತ್ ಒಂದೇ ಅಕ್ಷರ ಬಳಸಿದರು, D ಅಂತ. ಟೆಸ್ಟ್ ವೆಕ್ಟರ್ ಹುಡುಕುವ ಅವರ ವಿಧಾನಕ್ಕೆ ಡಿ-ಅಲ್ಗಾರಿದಮ್ ಅನ್ನುವ ಹೆಸರು ಬಂದದ್ದು ಅದರಿಂದಲೇ.

ಆಮೇಲೆ ಆ D ಯನ್ನು Y ವರೆಗೆ ಸಾಗಿಸಬೇಕು. ದಾರಿಯಲ್ಲಿ ಆರ್ ಗೇಟ್ ಇದೆ. ಅದರ ಇನ್ನೊಂದು ಇನ್‌ಪುಟ್ Q ಏನಾದರೂ 1 ಆಗಿದ್ದರೆ, P ಏನೇ ಆಗಿರಲಿ Y ಗೆ 1 ಬಂದುಬಿಡುತ್ತದೆ, ಫಾಲ್ಟ್ ಅಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ Q = 0 ಬೇಕು. ಇದಕ್ಕೆ ಹಿಂದಕ್ಕೆ ಹೋಗಿ ನೋಡಿ: S = 1 ಅಂತ ಆಗಲೇ ಇಟ್ಟಿದ್ದೇವೆ, ಆದ್ದರಿಂದ N = 0, ಆದ್ದರಿಂದ Q = 0. ತಾನಾಗಿಯೇ ಆಯಿತು. B ಏನಿದ್ದರೂ ನಡೆಯುತ್ತದೆ. S = 1, A = 1 ಕೊಟ್ಟು Y ನೋಡಿ. 1 ಬಂದರೆ ಸರಿ, 0 ಬಂದರೆ ಸಿಕ್ಕಿಬಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. 0 ಬಂದಿತು ಅಂದಮಾತ್ರಕ್ಕೆ ಕೆಟ್ಟದ್ದು P ಅಂತಲೇ ಹೇಳಲಾಗುವುದಿಲ್ಲ. A ಯೇ 0ಗೆ ಅಂಟಿಕೊಂಡಿದ್ದರೂ ಇದೇ ಉತ್ತರ ಬರುತ್ತದೆ, Y ಅಂಟಿಕೊಂಡಿದ್ದರೂ ಅಷ್ಟೇ. ಟೆಸ್ಟ್ ವೆಕ್ಟರ್ ಚಿಪ್ ಕೆಟ್ಟಿದೆ ಅನ್ನುತ್ತದೆ, ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಬೇರೆ ಕೆಲಸ.

ಈ ಸರ್ಕಿಟ್‌ನಲ್ಲಿ S ಎರಡಾಗಿ ಕವಲೊಡೆಯುತ್ತದೆ. ಆ ಎರಡು ಕವಲನ್ನೂ ಬೇರೆ ಬೇರೆ ತಂತಿ ಅಂತ ಎಣಿಸಿದರೆ ಒಟ್ಟು 9 ತಂತಿ, 18 ಫಾಲ್ಟ್. ಅಷ್ಟನ್ನೂ ಹಿಡಿಯಲು ನಾಲ್ಕೇ ವೆಕ್ಟರ್ ಸಾಕು. S, A, B ಕ್ರಮದಲ್ಲಿ ಬರೆದರೆ 110, 001, 101, 010. ನಾಲ್ಕರಲ್ಲೂ A ಮತ್ತು B ಬೇರೆ ಬೇರೆಯಾಗಿವೆ, ಗಮನಿಸಿದಿರಾ? ಎರಡೂ ಒಂದೇ ಆಗಿದ್ದರೆ S ಯಾವುದನ್ನು ಆರಿಸಿದರೂ Y ಅದೇ ಬರುತ್ತದೆ, S ಕೆಟ್ಟಿರುವುದು ಗೊತ್ತೇ ಆಗುವುದಿಲ್ಲ. ಮಲ್ಟಿಪ್ಲೆಕ್ಸರ್‌ಗೆ ಸುಮ್ನೆ ಯಾವುದೋ ಇನ್‌ಪುಟ್ ಕೊಟ್ಟು ನೋಡುವವರು ಜಾಸ್ತಿ ಎಡವುವುದು ಇಲ್ಲೇ.

ಈಗ ಇದೇ ಸರ್ಕಿಟ್‌ಗೆ ಇನ್ನೊಂದು ಗೇಟ್ ಸೇರಿಸೋಣ. ನನಗೆ ಈ ವಿಷಯ ನಿಜವಾಗಿ ಅರ್ಥವಾದದ್ದು ಈ ಗೇಟಿನಿಂದ. A ಮತ್ತು B ಎರಡೂ 1 ಇದ್ದಾಗ S 1ರಿಂದ 0ಗೆ ಬದಲಾದರೆ Y 1 ಆಗಿಯೇ ಉಳಿಯಬೇಕು. ಆದರೆ ನಾಟ್ ಗೇಟ್ ಸ್ವಲ್ಪ ಸಮಯ ತೆಗೆದುಕೊಳ್ಳುವುದರಿಂದ, P ಬಿದ್ದ ಮೇಲೆ Q ಏಳುವಷ್ಟರಲ್ಲಿ Y ಒಂದು ಕ್ಷಣ 0ಗೆ ಇಳಿದು ಮತ್ತೆ ಏಳುತ್ತದೆ. ಆ ಗ್ಲಿಚ್ ತಪ್ಪಿಸಲು ಮೂರನೆಯ ಆಂಡ್ ಗೇಟ್ ಹಾಕುತ್ತಾರೆ.

```
R = A AND B
Y = P OR Q OR R
```

ಮೊದಲು P ಸ್ಟಕ್-ಅಟ್-0 ಕಥೆ ಏನಾಯಿತು ನೋಡಿ. ಆಗ B ಏನಿದ್ದರೂ ನಡೆಯುತ್ತಿತ್ತು. ಈಗ 111 ಕೊಟ್ಟರೆ R = 1 ಆಗಿ Y ಗೆ 1 ಬಂದುಬಿಡುತ್ತದೆ. P ಸತ್ತಿದ್ದರೂ ಟೆಸ್ಟ್ ಪಾಸ್! ಈಗ B = 0 ಕಡ್ಡಾಯ, ವೆಕ್ಟರ್ 110 ಮಾತ್ರ. ಹಳೆಯ ಸರ್ಕಿಟ್‌ನ ವೆಕ್ಟರನ್ನು ಹೊಸದಕ್ಕೆ ಹಾಗೇ ಎತ್ತಿ ಹಾಕಬಾರದು ಅನ್ನುವುದು ಇದಕ್ಕೇ.

ಈಗ R ಸ್ಟಕ್-ಅಟ್-0 ಹಿಡಿಯಲು ಹೊರಡೋಣ. ಕೆಣಕಲು R = 1 ಬೇಕು, ಅಂದರೆ A = 1, B = 1. ಸಾಗಿಸಲು P = 0, Q = 0 ಎರಡೂ ಬೇಕು. A = 1 ಇರುವುದರಿಂದ P = 0 ಆಗಲು S = 0 ಆಗಬೇಕು. ಆದರೆ S = 0 ಆದರೆ N = 1, B ಕೂಡ 1, ಆಗ Q = 1. ದಾರಿ ಮುಚ್ಚಿತು. S = 1 ಮಾಡಿದರೆ Q ಸರಿಹೋಗುತ್ತದೆ, P ಕೈಕೊಡುತ್ತದೆ. ಬೇರೆ ಆಯ್ಕೆ ಇಲ್ಲ. ಎಂಟು ಇನ್‌ಪುಟ್‌ಗಳಲ್ಲಿ ಒಂದಕ್ಕೂ ಈ ಫಾಲ್ಟ್ ಹೊರಗೆ ಕಾಣಿಸುವುದಿಲ್ಲ. ವೆಕ್ಟರ್ ಹುಡುಕುವ ಸಾಫ್ಟ್‌ವೇರ್ ಇಂಥದ್ದನ್ನು ಟೆಸ್ಟ್ ಮಾಡಲಾಗದ ಫಾಲ್ಟ್ ಅಂತ ಗುರುತು ಹಾಕುತ್ತದೆ. ಗೇಟ್ ಇಲ್ಲದಿದ್ದರೂ ಲಾಜಿಕ್ ಅದೇ ಇರುತ್ತದೆ, ಅಂದರೆ ಆ ಗೇಟ್ ಲೆಕ್ಕಕ್ಕೆ ಹೆಚ್ಚುವರಿ ಅನ್ನುವುದೇ ಇದರ ಅರ್ಥ.

ಆದರೆ ಹೆಚ್ಚುವರಿ ಅಂದರೆ ಕೆಲಸಕ್ಕೆ ಬಾರದ್ದು ಅಂತಲ್ಲ, ಅಲ್ವಾ? R ಸತ್ತರೆ ಎಲ್ಲ ವೆಕ್ಟರ್‌ಗಳೂ ಪಾಸ್ ಆಗುತ್ತವೆ, ಗ್ಲಿಚ್ ಮಾತ್ರ ವಾಪಸ್ ಬರುತ್ತದೆ. ಬೆಲೆ ಕೊಟ್ಟು, Y ನಿಲ್ಲುವವರೆಗೆ ಕಾದು ಓದುವ ಟೆಸ್ಟಿಗೆ ಆ ಒಂದು ಕ್ಷಣದ ಇಳಿತ ಸಿಗುವುದೇ ಇಲ್ಲ. Y ಬೇರೊಂದು ಫ್ಲಿಪ್-ಫ್ಲಾಪ್‌ನ ಕ್ಲಾಕ್‌ಗೋ ರೀಸೆಟ್‌ಗೋ ಹೋಗುತ್ತಿದ್ದರೆ ಅಷ್ಟು ಸಾಕು, ಅದು ತಪ್ಪು ಹೊತ್ತಿಗೆ ಬದಲಾಗಿಬಿಡುತ್ತದೆ. ಅಂಥ ಕಡೆ R ತಂತಿಯನ್ನೇ ಒಂದು ಟೆಸ್ಟ್ ಪಿನ್‌ಗೆ ಹೊರತರುವುದು ಒಳ್ಳೆಯದು. ಆಗ A = 1, B = 1 ಕೊಟ್ಟು ನೇರವಾಗಿ ಓದಬಹುದು. Y ಹೋಗುವುದು ಫ್ಲಿಪ್-ಫ್ಲಾಪ್‌ನ ಡೇಟಾ ಇನ್‌ಪುಟ್‌ಗೆ ಆಗಿದ್ದು, ಕ್ಲಾಕ್ ಬರುವಷ್ಟರಲ್ಲಿ ಅದು ನಿಂತಿರುತ್ತದೆ ಅಂತಾದರೆ ಗ್ಲಿಚ್‌ನಿಂದ ತೊಂದರೆಯಿಲ್ಲ, ಆಗ R ಗೇಟನ್ನೇ ತೆಗೆದುಬಿಡಬಹುದು.