ರ‍್ಯಾಲಿ ನಡೀತಿರುವಾಗ ಕೈ ತಡೆಯೋದು ಹೇಗೆ?

ಪ್ರಶ್ನೆ: ಒಂದು ಷೇರು ದಿನಾ ಏರ್ತಾ ಇರುತ್ತೆ ಸರ್, ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಲಾಭದ ಸ್ಕ್ರೀನ್‌ಶಾಟ್ ಹಾಕ್ತಾರೆ. ನಾನು ಎರಡು ವಾರ ನೋಡ್ತಾ ಕೂತು ಕೊನೆಗೆ ತಡ್ಕೊಳ್ಳೋಕಾಗ್ದೆ ತಗೊಳ್ತೀನಿ, ತಗೊಂಡ ಮೇಲೆ ಬೀಳುತ್ತೆ. ಚೆಕ್‌ಲಿಸ್ಟ್ ಇಟ್ಕೊಳ್ಳಿ ಅಂತಾರೆ, ಅದರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?

ಉತ್ತರ: ಆಗುತ್ತೆ, ಆದ್ರೆ ಷೇರು ಎಲ್ಲಿವರೆಗೆ ಏರುತ್ತೆ ಅಂತ ಚೆಕ್‌ಲಿಸ್ಟ್ ಹೇಳಲ್ಲ, ನೀವು ಎಷ್ಟು ಕಳ್ಕೊಳ್ಳೋಕೆ ರೆಡಿ ಇದೀರಿ ಅನ್ನೋದನ್ನ ತಗೊಳ್ಳೋಕೆ ಮುಂಚೆನೇ ಬರೆಸುತ್ತೆ, ಅಷ್ಟೇ. ಎಲ್ಲರಿಗೂ ನೆನಪಿರೋ ಒಂದು ಷೇರು ಇಟ್ಕೊಂಡೇ ನೋಡೋಣ, ರೈಲ್ವೆಗೋಸ್ಕರ ಸಾಲ ಎತ್ತೋ ಸರ್ಕಾರಿ ಕಂಪನಿ ಐಆರ್‌ಎಫ್‌ಸಿ.

2021ರ ಜನವರಿಯಲ್ಲಿ 26 ರೂಪಾಯಿಗೆ ಐಪಿಓ ಬಂತು. ಆಮೇಲೆ ಸುಮಾರು ಎರಡು ವರ್ಷ 20ರಿಂದ 35ರೊಳಗೇ ಬಿದ್ಕೊಂಡಿತ್ತು, ಯಾರೂ ತಿರುಗಿ ನೋಡ್ಲಿಲ್ಲ. 2023ರ ಮಧ್ಯದಿಂದ ಓಟ ಶುರು, 2024ರ ಜನವರಿಯಲ್ಲಿ 190 ದಾಟ್ತು, ಜುಲೈ ಮಧ್ಯದಲ್ಲಿ, ಬಜೆಟ್‌ಗೆ ಒಂದು ವಾರ ಇದೆ ಅನ್ನೋವಾಗ, 229 ಮುಟ್ತು. 2025ರ ಮಾರ್ಚ್ ಶುರುವಲ್ಲಿ ಅದೇ ಷೇರು 110ರ ಆಸುಪಾಸು. 30 ರೂಪಾಯಿಗೆ ಬೇಡ ಅಂದಿದ್ದವರೇ 220ಕ್ಕೆ ಬಿದ್ದೂಬಿದ್ದೂ ತಗೊಂಡ್ರಲ್ಲ, ಆ ಒಂದು ವಾರದ ಬಗ್ಗೆನೇ ನಾನು ಮಾತಾಡ್ತಿರೋದು.

ಚೆಕ್‌ಲಿಸ್ಟಿನ ಮೊದಲನೇ ಸಾಲು ಇದು: ಬೆಲೆ ಏರ್ತಾ ಇದೆ ಅನ್ನೋ ಮಾತನ್ನ ಬಳಸ್ದೆ, ಯಾಕೆ ತಗೊಳ್ತಿದೀನಿ ಅಂತ ಒಂದು ವಾಕ್ಯ ಬರೀರಿ. ಆಗ ಬಹಳ ಜನ ಹೇಳ್ತಿದ್ದ ಕಾರಣ "ಬಜೆಟಲ್ಲಿ ರೈಲ್ವೆಗೆ ದುಡ್ಡು ಬರುತ್ತೆ" ಅನ್ನೋದು. ಕೇಳೋಕೆ ಸರಿಯಾಗೇ ಇದೆ, ಆದ್ರೆ ಬರೆದ ಮೇಲೆ ಇನ್ನೊಂದು ಪ್ರಶ್ನೆ ತಾನಾಗೇ ಬರುತ್ತೆ, ಆ ದುಡ್ಡಿಂದ ಈ ಕಂಪನಿ ಲಾಭ ಹೆಂಗೆ ಜಾಸ್ತಿ ಆಗುತ್ತೆ? ಐಆರ್‌ಎಫ್‌ಸಿ ರೈಲು ಮಾಡಲ್ಲ, ಹಳಿ ಹಾಕಲ್ಲ. ಮಾರ್ಕೆಟಲ್ಲಿ ಸಾಲ ಎತ್ತಿ, ಆ ದುಡ್ಡಲ್ಲಿ ಇಂಜಿನ್ನು, ಬೋಗಿ ಎಲ್ಲ ಕೊಂಡು ರೈಲ್ವೆಗೆ ಲೀಸ್‌ಗೆ ಕೊಡುತ್ತೆ, ಅದರ ಮೇಲೆ ಅರ್ಧ ಪರ್ಸೆಂಟ್‌ಗಿಂತ ಕಮ್ಮಿ ಮಾರ್ಜಿನ್ ಇಟ್ಕೊಳ್ಳುತ್ತೆ. ಸರ್ಕಾರ ಬಜೆಟಿಂದ ನೇರವಾಗಿ ಜಾಸ್ತಿ ದುಡ್ಡು ಕೊಟ್ಟಷ್ಟೂ ರೈಲ್ವೆಗೆ ಈ ಕಂಪನಿ ಮೂಲಕ ಸಾಲ ತಗೊಳ್ಳೋ ಅಗತ್ಯ ಕಮ್ಮಿಯಾಗುತ್ತೆ. ಅಂದ್ರೆ ಜನ ಯಾವ ಸುದ್ದಿಗೆ ಷೇರು ಕೊಳ್ತಿದ್ರೋ ಆ ಸುದ್ದಿ ಕಂಪನಿಗೆ ಹೊಸ ಕೆಲಸ ತರೋ ಸುದ್ದಿನೇ ಆಗಿರಲಿಲ್ಲ. 2023-24ರ ಲಾಭ ಸುಮಾರು 6,400 ಕೋಟಿ, ಅದರ ಹಿಂದಿನ ವರ್ಷಕ್ಕಿಂತ ಹೇಳ್ಕೊಳ್ಳೋ ಅಷ್ಟೇನೂ ಜಾಸ್ತಿ ಇಲ್ಲ, ಬೆಲೆ ಮಾತ್ರ ಒಂದು ವರ್ಷದಲ್ಲಿ ಆರೇಳು ಪಟ್ಟು. ಷೇರಿಗೆ ಐದು ರೂಪಾಯಿ ಹತ್ರ ಲಾಭ ಇರೋದಕ್ಕೆ 30 ರೂಪಾಯಿ ಕೊಡೋದು ಬೇರೆ, 229 ಕೊಡೋದು ಬೇರೆ. ಜೊತೆಗೆ ಆಗ 86 ಪರ್ಸೆಂಟ್ ಷೇರು ಸರ್ಕಾರದ ಹತ್ರನೇ ಇದ್ದಿದ್ರಿಂದ ಮಾರ್ಕೆಟಲ್ಲಿ ಓಡಾಡ್ತಿದ್ದಿದ್ದು ಉಳಿದಿದ್ದು ಮಾತ್ರ, ಹಾಗಿದ್ದಾಗ ಎಲ್ಲರೂ ಒಟ್ಟಿಗೆ ನುಗ್ಗಿದ್ರೆ ಬೆಲೆ ಬೇಗ ಏರುತ್ತೆ, ಹೊರಗೆ ಬರೋಕೆ ಹೊರಟಾಗ ಅಷ್ಟೇ ಬೇಗ ಇಳಿಯುತ್ತೆ.

ಇಷ್ಟೆಲ್ಲ ಓದಿದ ಮೇಲೂ ತಗೊಳ್ಳಬೇಕು ಅನ್ನಿಸಬಹುದು. ಟ್ರೇಡಿಂಗ್‌ಗೆ ಅಂತ ತಗೊಳ್ಳೋದೂ ತಪ್ಪಲ್ಲ. ಅಲ್ಲಿಗೆ ಎರಡನೇ ಸಾಲು, ನನ್ನ ಪ್ರಕಾರ ಇಡೀ ಲಿಸ್ಟಲ್ಲಿ ತುಂಬಾ ಕೆಲಸ ಮಾಡೋದು ಇದೇ: ಯಾವ ಬೆಲೆಗೆ ಹೊರಗೆ ಬರ್ತೀನಿ, ಆ ಬೆಲೆಗೆ ಬಂದ್ರೆ ಎಷ್ಟು ರೂಪಾಯಿ ಹೋಗುತ್ತೆ. ಲೆಕ್ಕ ಹಾಕಿ. ನಿಮ್ಮ ಹತ್ರ ಟ್ರೇಡಿಂಗ್‌ಗೆ ಎರಡು ಲಕ್ಷ ಇದೆ, ಒಂದು ಟ್ರೇಡಲ್ಲಿ ಒಂದು ಪರ್ಸೆಂಟ್, ಅಂದ್ರೆ 2,000 ರೂಪಾಯಿಗಿಂತ ಜಾಸ್ತಿ ಕಳ್ಕೊಳ್ಳಲ್ಲ ಅಂತ ತೀರ್ಮಾನ ಮಾಡಿದೀರಿ. 220ಕ್ಕೆ ತಗೊಂಡು 195ಕ್ಕೆ ಸ್ಟಾಪ್‌ಲಾಸ್, ಅಂದ್ರೆ ಅಲ್ಲಿಗೆ ಇಳಿದ್ರೆ ಮಾರೋ ಆರ್ಡರ್, ಇಟ್ರೆ ಒಂದು ಷೇರಿಗೆ 25 ರೂಪಾಯಿ ರಿಸ್ಕ್. 2,000ವನ್ನ 25ರಿಂದ ಭಾಗಿಸಿದ್ರೆ 80 ಷೇರು, ಅಂದ್ರೆ 17,600 ರೂಪಾಯಿಂದು. ಅದೇ ಆತುರದಲ್ಲಿ ಹೋದವರು ಇರೋ ಎರಡು ಲಕ್ಷನೂ ಹಾಕಿ 900 ಷೇರು ತಗೊಳ್ತಾರೆ, ಎಲ್ಲಿ ಮಾರಬೇಕು ಅನ್ನೋದು ತಲೇಲೇ ಇರಲ್ಲ. ಬಜೆಟ್ ಆದ್ಮೇಲೆ ಆಗಸ್ಟಲ್ಲಿ ಬೆಲೆ 190ಕ್ಕಿಂತ ಕೆಳಗೆ ಓಡಾಡ್ತಿತ್ತು, 80 ಷೇರಿನವರು ಹತ್ತಿರ ಹತ್ತಿರ 2,000 ಕಳ್ಕೊಂಡು ಆಚೆ ಬಂದಿರ್ತಿದ್ರು. 900 ಷೇರಿನವರು 180ಕ್ಕೆ "ಇನ್ನೇನು ಏರುತ್ತೆ" ಅಂತ ಕೂತು, 150ಕ್ಕೆ ಇನ್ನಷ್ಟು ತಗೊಂಡು ಆವರೇಜ್ ಮಾಡೋಣವಾ ಅಂತ ಯೋಚಿಸಿ, 110 ಬರೋಷ್ಟರಲ್ಲಿ 99,000 ಮೈನಸ್.

ಹೊರಗೆ ಬರೋ ಬೆಲೆಯನ್ನ ತಗೊಳ್ಳೋಕೆ ಮುಂಚೆನೇ ಬರೀಬೇಕು, ಯಾಕಂದ್ರೆ ತಗೊಂಡ ಮೇಲೆ ನಾವು ಕೊಟ್ಟ ಬೆಲೆನೇ ಮನಸ್ಸಲ್ಲಿ ಕೂತ್ಬಿಡುತ್ತೆ, 220 ವಾಪಸ್ ಬರೋವರೆಗೂ ಮಾರಲ್ಲ ಅನ್ನೋ ಹಠ ಬರುತ್ತೆ. ಮಾರ್ಕೆಟ್‌ಗೆ ನಿಮ್ಮ 220 ಗೊತ್ತಿಲ್ಲ.

ಮೂರನೇ ಸಾಲು ಟೈಮಿಂದು. 9:15ರಿಂದ 3:30ರವರೆಗೆ, ಮಾರ್ಕೆಟ್ ಓಪನ್ ಇರುವಾಗ, ಹೊಸ ಷೇರು ತಗೊಳ್ಳೋ ತೀರ್ಮಾನ ಮಾಡ್ಬೇಡಿ. ಸಂಜೆ ಕೂತು ಬರೀರಿ, ಬೆಳಿಗ್ಗೆ ಇದಕ್ಕಿಂತ ಜಾಸ್ತಿ ಕೊಡಲ್ಲ ಅಂತ ಬೆಲೆ ಹೇಳೋ ಲಿಮಿಟ್ ಆರ್ಡರ್ ಹಾಕಿ, ಸಿಕ್ಕ ಬೆಲೆಗೆ ಕೊಳ್ಳೋ ಮಾರ್ಕೆಟ್ ಆರ್ಡರ್ ಬೇಡ. ಬೆಲೆ ನಿಮ್ಮ ಲಿಮಿಟ್ ಬಿಟ್ಟು ಮೇಲೆ ಓಪನ್ ಆಯ್ತು ಅಂದ್ರೆ ಆವತ್ತಿಗೆ ಬಿಡಿ, ಲಿಮಿಟನ್ನ ಎರಡೆರಡು ರೂಪಾಯಿ ಏರಿಸ್ತಾ ಹಿಂದೆ ಓಡಿದ್ರೆ 80 ಷೇರಿನ ಲೆಕ್ಕ ಎಲ್ಲ ಕೆಟ್ಟೋಗುತ್ತೆ, ಸ್ಟಾಪ್‌ಲಾಸ್ ದೂರ ಆದಷ್ಟೂ ಷೇರಿನ ಸಂಖ್ಯೆ ಕಮ್ಮಿ ಆಗ್ಬೇಕಲ್ವಾ. ಸಾಲದ ದುಡ್ಡಾ, ಮುಂದಿನ ತಿಂಗಳ ಸ್ಕೂಲ್ ಫೀಸಾ ಅನ್ನೋದನ್ನೂ ಅಲ್ಲೇ ಬರ್ಕೊಳ್ಳಿ, ಹೌದು ಅಂತ ಬಂದ್ರೆ ಅಲ್ಲಿಗೇ ನಿಲ್ಲಿಸಿ.

ಚೆಕ್‌ಲಿಸ್ಟ್ ಬರೀ ಶಾಸ್ತ್ರಕ್ಕೆ ಆಗ್ತಿದೆ ಅಂತ ಗೊತ್ತಾಗೋದೂ ಸುಲಭ. ಷೇರು ತಗೊಂಡ ಮೇಲೆ ತುಂಬ್ತಿದೀರಾ, ಮೊದಲನೇ ಸಾಲಲ್ಲಿ "ಎಲ್ಲರೂ ಹೇಳ್ತಿದಾರೆ" ಅಂತ ಇದೆಯಾ, ಬೆಲೆ 197ಕ್ಕೆ ಬಂದಾಗ 195ನ್ನ ಅಳಿಸಿ 185 ಮಾಡಿದೀರಾ, ನೋಡ್ಕೊಳ್ಳಿ. ಕೊನೇದನ್ನ ತಡೆಯೋಕೆ ಷೇರು ಸಿಕ್ಕಿದ ತಕ್ಷಣ ಬ್ರೋಕರ್ ಆ್ಯಪಲ್ಲಿ 195ಕ್ಕೆ ಮಾರೋ ಜಿಟಿಟಿ ಆರ್ಡರ್ ಹಾಕ್ಬಿಡಿ, ಅದು ದಿನಾ ಹೊಸದಾಗಿ ಹಾಕೋ ಆರ್ಡರ್ ಅಲ್ಲ, ಟ್ರಿಗರ್ ಆಗೋವರೆಗೆ ಅಥವಾ ಅವಧಿ ಮುಗಿಯೋವರೆಗೆ ಕಾಯ್ತಾ ಇರುತ್ತೆ.

ಇದಕ್ಕೆ ಬೆಲೆನೂ ಇದೆ, ಮುಚ್ಚಿಡಲ್ಲ. ಈ ಲಿಸ್ಟ್ ಹಿಡ್ಕೊಂಡವರು 2024ರ ಜನವರಿಯಲ್ಲಿ 130ಕ್ಕೆ "ತುಂಬಾ ಏರಿದೆ, ಬೇಡ" ಅಂದಿದ್ರೆ ಕೆಲವೇ ದಿನದಲ್ಲಿ 190 ನೋಡ್ಬೇಕಾಗ್ತಿತ್ತು, ಅದು ನೋವಾಗುತ್ತೆ. ಬಿಟ್ಟ ಷೇರುಗಳನ್ನೂ ಅದೇ ಪುಸ್ತಕದಲ್ಲಿ ತಾರೀಖು, ಬೆಲೆ ಸಮೇತ ಬರೆದಿಟ್ಟು ಮೂರು ತಿಂಗಳಾದ ಮೇಲೆ ನೋಡಿ. ಗ್ರೂಪಲ್ಲಿ ಏರಿದ್ದು ಮಾತ್ರ ಕಾಣುತ್ತೆ, ನಿಮ್ಮ ಪುಸ್ತಕದಲ್ಲಿ ಏರಿದ್ದೂ ಬಿದ್ದಿದ್ದೂ ಎರಡೂ ಇರುತ್ತೆ, ನಿಮ್ಮ ಲಿಸ್ಟ್ ತುಂಬಾ ಬಿಗಿಯಾಗಿದ್ರೆ ಅದೂ ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು ಮಾತು, ಈ 25 ರೂಪಾಯಿ ಲೆಕ್ಕ ಐಆರ್‌ಎಫ್‌ಸಿ ತರ ದಿನಾ ಲಕ್ಷಗಟ್ಟಲೆ ಷೇರು ಕೈ ಬದಲಾಗೋ ಕಡೆ ನಡೆಯುತ್ತೆ. ದಿನಾ ಅಪ್ಪರ್ ಸರ್ಕ್ಯೂಟ್, ಅಂದ್ರೆ ಒಂದು ದಿನಕ್ಕೆ ಏರಬಹುದಾದ ಗರಿಷ್ಠ ಮಿತಿ, ಹೊಡೀತಿರೋ ಸಣ್ಣ ಷೇರಲ್ಲಿ ಅಲ್ಲ, ಅದು ತಿರುಗಿ ಲೋವರ್ ಸರ್ಕ್ಯೂಟ್‌ಗೆ ಬಂದಾಗ ಕೊಳ್ಳೋರೇ ಇರಲ್ಲ, ಸ್ಟಾಪ್‌ಲಾಸ್ ಟ್ರಿಗರ್ ಆದ್ರೂ ಆರ್ಡರ್ ಹಾಗೇ ನಿಂತಿರುತ್ತೆ. ಅಂಥ ಷೇರಿಗೆ ಹಾಕೋ ದುಡ್ಡು ಪೂರ್ತಿ ರಿಸ್ಕ್ ಅಂತಲೇ ಲೆಕ್ಕ ಇಡಿ, ಎರಡು ಲಕ್ಷದ ಬಂಡವಾಳಕ್ಕೆ 2,000 ರೂಪಾಯಿ ಷೇರು, ಅಷ್ಟೇ.