ಮಡಿಕೆಯ ಗೆರೆಯಲ್ಲೇ ಕತ್ತರಿಸಬೇಕು: ಒಂದು ಕಚೇರಿಯ ಸಬ್‌ನೆಟ್ ಲೆಕ್ಕ

ಲೆಕ್ಕಪತ್ರ ವಿಭಾಗದ ಒಂದು ಕಂಪ್ಯೂಟರ್. ಅದರಲ್ಲಿ ಇಂಟರ್‌ನೆಟ್ ಬರುತ್ತದೆ, ಮೇಲ್ ಹೋಗುತ್ತದೆ, ಬ್ಯಾಂಕಿನ ಪುಟವೂ ತೆರೆಯುತ್ತದೆ. ಹತ್ತು ಹೆಜ್ಜೆ ಆಚೆಗಿರುವ ಪ್ರಿಂಟರಿಗೆ ಮಾತ್ರ ಒಂದು ಹಾಳೆಯನ್ನೂ ಕಳಿಸಲಾಗುವುದಿಲ್ಲ. ಪಕ್ಕದ ಮೇಜಿನವರು ಅದೇ ಪ್ರಿಂಟರಿನಲ್ಲಿ ಆರಾಮವಾಗಿ ಪ್ರಿಂಟ್ ತೆಗೆಯುತ್ತಿರುತ್ತಾರೆ. ಕೇಬಲ್ ಬದಲಿಸಿದರೂ ಡ್ರೈವರ್ ಹೊಸದಾಗಿ ಹಾಕಿದರೂ ಸರಿಹೋಗುವುದಿಲ್ಲ. ಕಚೇರಿಯ ನೆಟ್‌ವರ್ಕನ್ನು ವಿಭಾಗಗಳಾಗಿ ಒಡೆದ ಮರುದಿನ ಇಂಥ ದೂರು ಬಂದರೆ ನಾನು ಮೊದಲು ನೋಡುವುದು ಆ ಕಂಪ್ಯೂಟರಿನ ಸಬ್‌ನೆಟ್ ಮಾಸ್ಕನ್ನು.

ಮಾಸ್ಕ್ ಎಂಬುದು ಪ್ರತಿ ಯಂತ್ರವೂ ತನ್ನಲ್ಲೇ ಇಟ್ಟುಕೊಂಡಿರುವ ಒಂದು ಅಳತೆಗೋಲು. ಯಾರಿಗಾದರೂ ಏನನ್ನಾದರೂ ಕಳಿಸುವ ಮೊದಲು ಯಂತ್ರ ಅದನ್ನು ಹಿಡಿದು ನೋಡುತ್ತದೆ: ಈ ವಿಳಾಸ ನಮ್ಮ ಓಣಿಯದೋ, ಅಂದರೆ ನಮ್ಮ ಸಬ್‌ನೆಟ್‌ನದೋ, ಹೊರಗಿನದೋ? ನಮ್ಮ ಓಣಿಯದಾದರೆ ನೇರವಾಗಿ ಕೂಗಿ ಕರೆಯುತ್ತದೆ. ಹೊರಗಿನದಾದರೆ ಓಣಿಯಿಂದ ಆಚೆಗೆ ದಾಟಿಸುವ ರೌಟರ್, ಅಂದರೆ ಗೇಟ್‌ವೇ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಇಲ್ಲಿ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ನಾವು ಕಳಿಸುವ ಪ್ಯಾಕೆಟ್‌ನೊಳಗೆ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಇರುತ್ತವೆ, ಆದರೆ ಮಾಸ್ಕ್ ಇರುವುದಿಲ್ಲ. ಹಾಗಾಗಿ ಒಂದು ಯಂತ್ರದ ಅಳತೆಗೋಲು ತಪ್ಪಾಗಿದ್ದರೆ ಉಳಿದ ಯಂತ್ರಗಳಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಈ ಅಳತೆಗೋಲು ಹೇಗೆ ಹುಟ್ಟುತ್ತದೆ ಎಂದು ನೋಡಲು ಒಂದು ಸಣ್ಣ ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಅದರ ಬಳಿ ಇರುವುದು 192.168.10.0 ಇಂದ 192.168.10.255 ತನಕದ 256 ವಿಳಾಸಗಳು. 192.168 ಎಂದು ಆರಂಭವಾಗುವ ಈ ಗುಂಪನ್ನು ಖಾಸಗಿ ಬಳಕೆಗೆಂದು ಬಿಟ್ಟಿರುವುದರಿಂದ ಲಕ್ಷಾಂತರ ಮನೆ, ಕಚೇರಿಗಳಲ್ಲಿ ಇವೇ ಅಂಕಿಗಳು ಕಾಣುತ್ತವೆ. ಮೊದಲ ಮೂರು ಅಂಕಿಗಳು ಎಲ್ಲರಿಗೂ ಒಂದೇ ಆದ್ದರಿಂದ ನಮ್ಮ ಆಟವೆಲ್ಲ ಕೊನೆಯ ಅಂಕಿಯಲ್ಲಿ. ಕಂಪ್ಯೂಟರ್ ಅದನ್ನು ಎಂಟು ಬಿಟ್‌ಗಳಾಗಿ, ಅಂದರೆ ಎಂಟು 0 ಅಥವಾ 1ಗಳಾಗಿ ಓದುತ್ತದೆ. ಎಡದಿಂದ ಬಲಕ್ಕೆ ಆ ಸ್ಥಾನಗಳ ಬೆಲೆ 128, 64, 32, 16, 8, 4, 2, 1.

256 ವಿಳಾಸಗಳನ್ನು ಒಂದು ಉದ್ದನೆಯ ಕಾಗದದ ಪಟ್ಟಿ ಎಂದುಕೊಳ್ಳಿ. ಅದನ್ನು ನಡುವೆ ಮಡಚಿದರೆ 128ರ ಎರಡು ಭಾಗ, ಮತ್ತೊಮ್ಮೆ ಮಡಚಿದರೆ 64ರ ನಾಲ್ಕು ಭಾಗ, ಇನ್ನೊಮ್ಮೆ ಮಡಚಿದರೆ 32ರ ಎಂಟು ಭಾಗ. ಒಂದೊಂದು ಮಡಿಕೆಗೂ ಎಡಗಡೆಯಿಂದ ಒಂದು ಬಿಟ್ ಖರ್ಚಾಗುತ್ತದೆ. ಎರಡು ಮಡಿಕೆ ಹಾಕಿದರೆ 128 ಮತ್ತು 64ರ ಸ್ಥಾನಗಳು ಓಣಿಯನ್ನು ಗುರುತಿಸಲು ಹೋಗುತ್ತವೆ. 128ಕ್ಕೆ 64 ಸೇರಿಸಿದರೆ 192. 255.255.255.192 ಎಂಬ ಮಾಸ್ಕಿನ ಕೊನೆಯ ಅಂಕಿ ಬಂದದ್ದು ಹೀಗೆ. ಒಟ್ಟು 32 ಬಿಟ್‌ಗಳಲ್ಲಿ 26 ಓಣಿಗೆ ಹೋದವು ಎಂಬ ಕಾರಣಕ್ಕೆ ಇದನ್ನೇ ಚುಟುಕಾಗಿ /26 ಎಂದೂ ಬರೆಯುತ್ತಾರೆ. ಉಳಿದ ಆರು ಬಿಟ್‌ಗಳಲ್ಲಿ 64 ವಿಳಾಸಗಳು ಮೂಡುತ್ತವೆ. ಬಿಟ್ ಎಣಿಸುವುದು ಬೇಸರವಾದರೆ ಒಂದು ಒಳದಾರಿಯಿದೆ: 256ರಿಂದ ಮಾಸ್ಕಿನ ಕೊನೆಯ ಅಂಕಿಯನ್ನು ಕಳೆಯಿರಿ. 192 ಕಳೆದರೆ 64, 224 ಕಳೆದರೆ 32, 240 ಕಳೆದರೆ 16. ಅದೇ ಆ ತುಂಡಿನ ಉದ್ದ.

ಆ 64ರಲ್ಲೂ ಎಲ್ಲವನ್ನೂ ಯಂತ್ರಗಳಿಗೆ ಹಂಚುವಂತಿಲ್ಲ. ತುಂಡಿನ ಮೊದಲ ವಿಳಾಸ ಆ ಓಣಿಯ ಹೆಸರಾಗಿ ಉಳಿಯುತ್ತದೆ, ಕೊನೆಯದು ಓಣಿಯವರೆಲ್ಲರನ್ನೂ ಒಟ್ಟಿಗೆ ಕರೆಯಲು ಮೀಸಲು. ಈ ಎರಡನ್ನು ಬಿಟ್ಟರೆ ಸಿಗುವುದು 62. ಪಾಠಗಳೆಲ್ಲ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಕಚೇರಿಯಲ್ಲಿ ಲೆಕ್ಕ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೇಟ್‌ವೇಗೂ ಅದೇ ಓಣಿಯಲ್ಲಿ ಒಂದು ವಿಳಾಸ ಬೇಕು, ಅದು ಈ 62ರೊಳಗಿನದೇ. ಹಾಗಾಗಿ ಕೆಲಸದ ಯಂತ್ರಗಳಿಗೆ ದಕ್ಕುವುದು 61.

ಈಗ ನಮ್ಮ ಕಚೇರಿಯ ವಿಭಾಗಗಳಿಗೆ ಬರೋಣ. ಮಾರಾಟ ವಿಭಾಗದಲ್ಲಿ 28 ಜನ. ತಲೆ ಎಣಿಸಿ 28 ಎಂದು ಬರೆದುಕೊಂಡರೆ ಮೊದಲ ದಿನವೇ ವಿಳಾಸ ಸಾಲದೆ ಹೋಗುತ್ತದೆ, ಏಕೆಂದರೆ ಪ್ರತಿಯೊಬ್ಬರ ಲ್ಯಾಪ್‌ಟಾಪಿನ ಜೊತೆಗೆ ಅವರ ಮೊಬೈಲೂ ವೈ-ಫೈಗೆ ಸೇರುತ್ತದೆ. ಅಲ್ಲಿಗೆ 56. ವೈ-ಫೈ ಪೆಟ್ಟಿಗೆಗೆ ಒಂದು, ಗೇಟ್‌ವೇಗೆ ಒಂದು, ಒಟ್ಟು 58. 64ರ ತುಂಡು ಸಾಕು. ವಿನ್ಯಾಸ ವಿಭಾಗದಲ್ಲಿ 30 ಯಂತ್ರಗಳಿವೆ. 32ರ ತುಂಡಿನಲ್ಲಿ ಸರಿಯಾಗಿ 30 ಸಿಗುತ್ತದಲ್ಲ ಎಂದು ಕೈ ಅತ್ತ ಹೋಗುವುದು ಸಹಜ. ಆದರೆ ಗೇಟ್‌ವೇ ಸೇರಿದರೆ 31. ಒಂದೇ ಒಂದು ವಿಳಾಸಕ್ಕಾಗಿ ಇಡೀ ತುಂಡು ದುಪ್ಪಟ್ಟಾಗಿ 64ಕ್ಕೆ ಏರುತ್ತದೆ. ಲೆಕ್ಕಪತ್ರ ವಿಭಾಗದಲ್ಲೂ ಇದೇ ಕತೆ. ಅಲ್ಲಿ 14 ಯಂತ್ರ, 16ರ ತುಂಡಿನಲ್ಲಿ ಸಿಗುವುದೂ 14. ಗೇಟ್‌ವೇ ಸೇರಿ 15 ಆಗುವುದರಿಂದ 32ರ ತುಂಡನ್ನೇ ಕೊಡಬೇಕು. ಕೊನೆಗೆ ಎಲ್ಲರೂ ಬಳಸುವ ಸಾಮಾನುಗಳ ಓಣಿ: ಎರಡು ಸರ್ವರ್, ನಾಲ್ಕು ಪ್ರಿಂಟರ್, ಕಡತಗಳ ಸ್ಟೋರೇಜ್ ಪೆಟ್ಟಿಗೆ, ಸಿಸಿಟಿವಿ ರೆಕಾರ್ಡರ್, ಬೆರಳಚ್ಚಿನ ಹಾಜರಾತಿ ಯಂತ್ರ. ಒಂಬತ್ತಾಯಿತು, ಗೇಟ್‌ವೇ ಸೇರಿ ಹತ್ತು. ಇದಕ್ಕೆ 16ರ ತುಂಡು ಸಾಕು.

ಎಷ್ಟು ದೊಡ್ಡ ತುಂಡು ಎಂಬುದು ತಿಳಿದ ಮೇಲೆ ಎಲ್ಲಿಂದ ಕತ್ತರಿಸುವುದು ಎಂಬ ಪ್ರಶ್ನೆ. ಸರ್ವರ್‌ಗಳು ಮುಖ್ಯ, ಅವು ಮೊದಲಿರಲಿ ಎಂದು 0ಯಿಂದ 15ರ ತನಕ ಅವಕ್ಕೆ ಕೊಟ್ಟಿರಿ ಎನ್ನೋಣ. ಮುಂದಿನ 16ರಿಂದ 79ರ ತನಕ ಮಾರಾಟದವರಿಗೆ ಕೊಡಬಹುದೇ? ಎಣಿಸಿದರೆ 64 ವಿಳಾಸಗಳಿವೆ, ಆದರೂ ಕೊಡಲಾಗದು. ಮಾಸ್ಕಿಗೆ ಗೊತ್ತಿರುವುದು ಮಡಿಕೆಯ ಗೆರೆಗಳು ಮಾತ್ರ, ಮತ್ತು 64ರ ಗೆರೆಗಳು ಬೀಳುವುದು 0, 64, 128, 192ರಲ್ಲಿ. 16ರಿಂದ ಹೊರಟ ತುಂಡು 64ರ ಗೆರೆಯನ್ನು ದಾಟುತ್ತದೆ. ವಿಳಾಸ 20 ಇರುವ ಯಂತ್ರ ತಾನು ಮೊದಲ ಓಣಿಯವನೆಂದೂ 70 ಇರುವುದು ತಾನು ಎರಡನೆಯ ಓಣಿಯವನೆಂದೂ ತಿಳಿಯುತ್ತವೆ. ಇದನ್ನು ತಪ್ಪಿಸಲು ಸರಳ ಉಪಾಯವೆಂದರೆ ದೊಡ್ಡ ತುಂಡುಗಳನ್ನು ಮೊದಲು ಕತ್ತರಿಸುವುದು. ಆಗ ಪ್ರತಿ ಸಣ್ಣ ತುಂಡೂ ತಾನಾಗಿಯೇ ಗೆರೆಯ ಮೇಲೆ ಬಂದು ಕೂರುತ್ತದೆ:

```
ಮಾರಾಟ      192.168.10.0/26    255.255.255.192  1-62
ವಿನ್ಯಾಸ      192.168.10.64/26   255.255.255.192  65-126
ಲೆಕ್ಕಪತ್ರ     192.168.10.128/27  255.255.255.224  129-158
ಸಾಮಾನ್ಯ     192.168.10.160/28  255.255.255.240  161-174
```

ಪ್ರತಿ ಸಾಲಿನ ಕೊನೆಯಲ್ಲಿರುವುದು ಯಂತ್ರಗಳಿಗೆ ಕೊಡಬಹುದಾದ ವಿಳಾಸಗಳು. ಅದರಲ್ಲಿ ಮೊದಲನೆಯದನ್ನು ಗೇಟ್‌ವೇಗೆ ಕೊಡುವುದು ನನ್ನ ರೂಢಿ. ಯಾವ ವಿಭಾಗಕ್ಕೆ ಹೋದರೂ ಊಹಿಸಬಹುದಾದ ಜಾಗದಲ್ಲಿ ಅದು ಸಿಗುತ್ತದೆ. 176ರಿಂದ 191ರ ತನಕ 16, 192ರಿಂದ 255ರ ತನಕ 64 ವಿಳಾಸಗಳು ಇನ್ನೂ ಉಳಿದಿವೆ. ನಾಲ್ಕು ವಿಭಾಗ ತಾನೇ, ನಾಲ್ಕು ಸಮಪಾಲು ಮಾಡೋಣ ಎಂದು ಹೊರಟಿದ್ದರೆ ಎಲ್ಲರಿಗೂ ಜಾಗವೇನೋ ಸಿಗುತ್ತಿತ್ತು, ಆದರೆ ನಾಳೆ ಅತಿಥಿಗಳ ವೈ-ಫೈ ಪ್ರತ್ಯೇಕ ಬೇಕೆಂದಾಗ ಕೈ ಖಾಲಿ. ಈಗ ಆ ಕೊನೆಯ 64 ಅದಕ್ಕೇ ಇದೆ. 1985ರಲ್ಲಿ ಸಬ್‌ನೆಟ್‌ಗಳ ನಿಯಮ ಬರೆದಾಗ ಮೊದಲ ಮತ್ತು ಕೊನೆಯ ತುಂಡುಗಳನ್ನು ಬಿಡಬೇಕೆಂದಿತ್ತು. ಹಳೆಯ ಪಠ್ಯಗಳಲ್ಲಿ ಇನ್ನೂ ಆ ಮಾತು ಸಿಗುತ್ತದೆ. ಇಂದಿನ ಉಪಕರಣಗಳಲ್ಲಿ ಆ ಕಟ್ಟುಪಾಡಿಲ್ಲ, ಎರಡನ್ನೂ ಧೈರ್ಯವಾಗಿ ಬಳಸಬಹುದು.

ಈಗ ಆ ಹಟಮಾರಿ ಕಂಪ್ಯೂಟರಿಗೆ ಮರಳೋಣ. ಅದರ ವಿಳಾಸ 192.168.10.140, ಪ್ರಿಂಟರಿನದು 192.168.10.165. ಲ್ಯಾಪ್‌ಟಾಪ್, ಮೊಬೈಲ್‌ಗಳಿಗೆ ಡಿಎಚ್‌ಸಿಪಿ ತಾನಾಗಿಯೇ ವಿಳಾಸದ ಜೊತೆಗೆ ಮಾಸ್ಕನ್ನೂ ಕೊಡುತ್ತದೆ. ಈ ಕಂಪ್ಯೂಟರಿಗೆ ಹಿಂದೆಂದೋ ಯಾರೋ ಕೈಯಾರೆ ವಿಳಾಸ ಬರೆದಿದ್ದರು. ಒಡೆದ ದಿನ ಹೊಸ ಗೇಟ್‌ವೇ ತುಂಬಿಸಿದರು, ಮಾಸ್ಕ್ ಹಳೆಯ 255.255.255.0 ಆಗಿಯೇ ಉಳಿಯಿತು. ಆ ಅಳತೆಗೋಲಿನ ಪ್ರಕಾರ 256 ವಿಳಾಸಗಳೂ ಒಂದೇ ಓಣಿ. ಬ್ಯಾಂಕಿನ ಸರ್ವರ್ ಹೊರಗಿನದೆಂದು ಅದಕ್ಕೆ ಗೊತ್ತು, ಅದನ್ನು ಗೇಟ್‌ವೇಗೆ ಕೊಡುತ್ತದೆ, ಇಂಟರ್‌ನೆಟ್ ಓಡುತ್ತದೆ. ಪ್ರಿಂಟರ್ ಮಾತ್ರ ತನ್ನ ಓಣಿಯಲ್ಲೇ ಇದೆಯೆಂದು ನಂಬಿ ನೇರವಾಗಿ ಕೂಗುತ್ತದೆ. ಪ್ರಿಂಟರ್ ಬೇರೆ ಓಣಿಯಲ್ಲಿರುವುದರಿಂದ ಆ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಪ್ರಿಂಟರ್ ಓಗೊಡುತ್ತದೆಯೇ ಎಂದು ವಿಂಡೋಸ್ ಕಂಪ್ಯೂಟರಿನಲ್ಲಿ ಪಿಂಗ್ ಮಾಡಿ ನೋಡಿದರೆ ಹೀಗೆ ಕಾಣುತ್ತದೆ:

```
ping 192.168.10.165
Reply from 192.168.10.140: Destination host unreachable.
```

ಉತ್ತರ ಕೊಟ್ಟ ವಿಳಾಸ ಯಾರದೆಂದು ನೋಡಿ. ಅದು ಪ್ರಿಂಟರಿನದಲ್ಲ, ಗೇಟ್‌ವೇದೂ ಅಲ್ಲ, ಆ ಕಂಪ್ಯೂಟರಿನದೇ. ಕೂಗಿದೆ, ಯಾರೂ ಓಗೊಡಲಿಲ್ಲ ಎಂದು ಅದು ತನಗೆ ತಾನೇ ಹೇಳಿಕೊಳ್ಳುತ್ತಿದೆ. ಮಾಸ್ಕನ್ನು 255.255.255.224 ಮಾಡಿದ ಕೂಡಲೇ ತಾನಿರುವುದು 128ರ ಓಣಿ, ಪ್ರಿಂಟರ್ ಇರುವುದು 160ರ ಓಣಿ ಎಂದು ಅದಕ್ಕೆ ತಿಳಿಯುತ್ತದೆ, ಕೆಲಸವನ್ನು ಗೇಟ್‌ವೇಗೆ ಒಪ್ಪಿಸುತ್ತದೆ.

ತಪ್ಪು ಮಾಸ್ಕ್ ಪ್ರಿಂಟರಿನಲ್ಲಿದ್ದರೆ ಲಕ್ಷಣ ಬೇರೆ. ಕಂಪ್ಯೂಟರ್ ಕಳಿಸಿದ್ದು ಗೇಟ್‌ವೇ ಮೂಲಕ ಪ್ರಿಂಟರಿಗೆ ಸರಿಯಾಗಿಯೇ ತಲುಪುತ್ತದೆ. ಉತ್ತರಿಸುವ ಹೊತ್ತಿಗೆ ಪ್ರಿಂಟರ್ ಗೇಟ್‌ವೇಗೆ ಕೊಡದೆ ತನ್ನ ಓಣಿಯಲ್ಲೇ ಕೂಗುತ್ತದೆ, ಉತ್ತರ ಅಲ್ಲೇ ಸಾಯುತ್ತದೆ. ಆಗ ಪರದೆಯ ಮೇಲೆ ಬರುವುದು `Request timed out`. ಫೈರ್‌ವಾಲ್ ತಡೆದರೂ ಇದೇ ಮಾತು ಬರುವುದರಿಂದ ಇದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಬೇರೆ ವಿಭಾಗಗಳ ಯಾರಿಗೂ ಆ ಪ್ರಿಂಟರ್ ಸಿಗದೆ, ಅದರದೇ ಓಣಿಯ ಸರ್ವರ್‌ಗಳಿಗೆ ಮಾತ್ರ ಸಿಗುತ್ತಿದ್ದರೆ ಪ್ರಿಂಟರಿನ ಮಾಸ್ಕ್ ಮತ್ತು ಗೇಟ್‌ವೇ ಎರಡನ್ನೂ ನೋಡಲೇಬೇಕು. ಕೆಲವು ರೌಟರ್‌ಗಳು ಓಣಿಯೊಳಗಿನ ಇಂಥ ಕೂಗಿಗೆ ಬೇರೆಯವರ ಪರವಾಗಿ ತಾವೇ ಓಗೊಟ್ಟು ಕೆಲಸ ನಡೆಸಿಬಿಡುತ್ತವೆ. ಹಾಗಾದಾಗ ತಪ್ಪು ವರ್ಷಗಟ್ಟಲೆ ಅಡಗಿ ಕುಳಿತು, ರೌಟರ್ ಬದಲಿಸಿದ ದಿನ ಹೊರಬೀಳುತ್ತದೆ.

ಈ ಓಣಿಗಳು ನಿಜಕ್ಕೂ ಬೇರೆಯಾಗಬೇಕಾದರೆ ಕೇಬಲ್‌ಗಳೆಲ್ಲ ಸೇರುವ ಸ್ವಿಚ್ಚಿನಲ್ಲೂ ಅವನ್ನು ಬೇರೆ ಬೇರೆ ವಿ-ಲ್ಯಾನ್‌ಗಳಾಗಿ, ಅಂದರೆ ಒಂದರ ಕೂಗು ಇನ್ನೊಂದಕ್ಕೆ ಕೇಳದ ಗುಂಪುಗಳಾಗಿ ಮಾಡಿರಬೇಕು. ಅಂಕಿಗಳನ್ನಷ್ಟೇ ಬದಲಿಸಿ ಎಲ್ಲ ಕೇಬಲ್‌ಗಳನ್ನೂ ಒಂದೇ ಸಾದಾ ಸ್ವಿಚ್ಚಿಗೆ ಚುಚ್ಚಿದ್ದರೆ, ಒಂದು ವಿಭಾಗದ ಕೂಗು ಇನ್ನೂ ಎಲ್ಲರ ಕಿವಿಗೂ ಬೀಳುತ್ತಿರುತ್ತದೆ. ಆಗ 140ರ ಕೂಗು 165ಕ್ಕೂ ಕೇಳಿಸುತ್ತದೆ, ನಮ್ಮ ದೂರಿನ ಕಂಪ್ಯೂಟರಿನಿಂದ ಪ್ರಿಂಟ್ ಬಂದರೂ ಬರಬಹುದು. ಮಾರಾಟದ ಲ್ಯಾಪ್‌ಟಾಪ್ ಇಟ್ಟುಕೊಂಡ ಯಾರೇ ಆಗಲಿ ಕೈಯಾರೆ 192.168.10.150 ಎಂದು ಬರೆದುಕೊಂಡರೆ ಲೆಕ್ಕಪತ್ರದ ಓಣಿಯೊಳಗೆ ಬಂದು ನಿಲ್ಲಬಹುದು.