ಸಸ್ಯಾಹಾರಿಯ ಸ್ನಾಯುವಿಗೆ ದಿನಕ್ಕೆ ಎಷ್ಟು ಪ್ರೋಟೀನ್?

ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು ಎನ್ನುವುದು ಕೊರತೆಯಾಗದಂತೆ ನೋಡಿಕೊಳ್ಳುವ ಅಳತೆ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಅದು ಸಾಲದು. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಪ್ರೋಟೀನ್ ಕಿಲೋಗೆ ಸುಮಾರು 1.6 ಗ್ರಾಂ ಮುಟ್ಟುವವರೆಗೆ ಸ್ನಾಯುವಿನ ಗಳಿಕೆಯೂ ಏರುತ್ತಾ ಹೋಯಿತು, ಆಮೇಲೆ ಸರಾಸರಿಯಲ್ಲಿ ಏರಿಕೆ ನಿಂತಿತು. ಆದರೆ ಈ ಅಂದಾಜಿನ ವ್ಯಾಪ್ತಿ 1ರಿಂದ 2.2 ಗ್ರಾಂವರೆಗೂ ಹರಡಿತ್ತು. ಹಾಗಾಗಿ 1.6 ಎಂಬುದನ್ನು ಗಡಿರೇಖೆಯಂತೆ ಕಾಣದೆ, ಲೆಕ್ಕ ಶುರುಮಾಡುವ ಜಾಗವಾಗಿ ನೋಡಬೇಕು.

ಸಸ್ಯಾಹಾರಿಗೆ ಈ ಸಂಖ್ಯೆಯನ್ನು ಎಷ್ಟು ಏರಿಸಬೇಕು? ಅದು ಪ್ರೋಟೀನ್ ಎಲ್ಲಿಂದ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಹಾಲಿನ ಪ್ರೋಟೀನ್ ಬಹುಪಾಲು ಜೀರ್ಣವಾಗುತ್ತದೆ. ಬೇಯಿಸಿದ ಬೇಳೆ, ಕಾಳುಗಳದ್ದು ಸ್ಥೂಲವಾಗಿ ಶೇ 80ರಷ್ಟು. ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಆ ಕೊರತೆಯನ್ನು ಬೇಳೆ ತುಂಬುತ್ತದೆ.

65 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. 1.6ರಂತೆ 104 ಗ್ರಾಂ. ಅರ್ಧ ಹಾಲು, ಮೊಸರಿನಿಂದ, ಉಳಿದ 52 ಗ್ರಾಂ ಧಾನ್ಯ ಮತ್ತು ಬೇಳೆಯಿಂದ ಬಂದರೆ, ಆ ಅರ್ಧದಲ್ಲಿ ಸುಮಾರು 10 ಗ್ರಾಂ ದೇಹಕ್ಕೆ ದಕ್ಕುವುದಿಲ್ಲ. ಅದನ್ನು ತುಂಬಲು ಇನ್ನೂ 12–13 ಗ್ರಾಂ ತಿನ್ನಬೇಕು. ಒಟ್ಟು 117 ಗ್ರಾಂ, ಅಂದರೆ ಕಿಲೋಗೆ 1.8. ಇದು ಉದಾರವಾದ ಲೆಕ್ಕವೇ. ಅಧ್ಯಯನಗಳಲ್ಲಿದ್ದವರೂ ಧಾನ್ಯ ತಿನ್ನುತ್ತಿದ್ದರು, ಅವರ 1.6ರಲ್ಲೂ ಈ ನಷ್ಟ ಸ್ವಲ್ಪ ಸೇರಿಕೊಂಡಿದೆ. ಹಾಲನ್ನೂ ಬಿಟ್ಟವರು ಸೋಯಾ ಸೇರಿಸಿಕೊಂಡರೆ ಇದೇ ಗುರಿ ಸಾಧ್ಯ. 2021ರ ಒಂದು ಅಧ್ಯಯನದಲ್ಲಿ ಕಿಲೋಗೆ 1.6 ಗ್ರಾಂ ತಲುಪಲು ಸೋಯಾ ಪ್ರೋಟೀನ್ ಪುಡಿ ಪಡೆದ, ಹಾಲನ್ನೂ ಬಿಟ್ಟ ಸಸ್ಯಾಹಾರಿ ಯುವಕರ ಕಾಲಿನ ಸ್ನಾಯು, ಹಾಲಿನ ಪ್ರೋಟೀನ್ ಪಡೆದ ಮಿಶ್ರಾಹಾರಿಗಳಷ್ಟೇ 12 ವಾರಗಳಲ್ಲಿ ಬೆಳೆಯಿತು.

ಬೊಜ್ಜು ಹೆಚ್ಚಿರುವವರು ಇಂದಿನ ತೂಕದ ಬದಲು ತಲುಪಬೇಕೆಂದಿರುವ ತೂಕದಿಂದ ಗುಣಿಸಬೇಕು. ಮೂತ್ರಪಿಂಡದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಈ ಪ್ರಮಾಣಕ್ಕೆ ಹೋಗಬಾರದು.

ಲೆಕ್ಕ ಹೆಚ್ಚಾಗಿ ತಪ್ಪುವುದು ತಟ್ಟೆಯಲ್ಲಿ. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಬೆಂದು ನೀರು ಹೀರಿದ 100 ಗ್ರಾಂನಲ್ಲಿ ಸುಮಾರು 9 ಮಾತ್ರ. ಬೆಂದದ್ದನ್ನು ತೂಗಿ ಒಣ ಬೇಳೆಯ ಅಂಕಿ ಬರೆದುಕೊಂಡರೆ ಕಾಗದದ ಮೇಲೆ 117 ಕಾಣಿಸಿದರೂ ಹೊಟ್ಟೆಗೆ ಹೋಗಿದ್ದು ಅದಕ್ಕಿಂತ ಬಹಳ ಕಡಿಮೆ. ಒಣ ತೂಕವನ್ನೇ ಬರೆದಿಡುವುದು ಸುಲಭದ ದಾರಿ. ಆ 117 ಗ್ರಾಂ ಅನ್ನು ನಾಲ್ಕು ಹೊತ್ತಿಗೆ ಹಂಚಿದರೆ ತಲಾ ಸುಮಾರು 29 ಗ್ರಾಂ ಆಗುತ್ತದೆ, ಒಂದೇ ಊಟದ ಮೇಲೆ ಹೊರೆ ಬೀಳುವುದಿಲ್ಲ.

ಎರಡು ಮೂರು ತಿಂಗಳ ವ್ಯಾಯಾಮದ ನಂತರವೂ ಎತ್ತುವ ಭಾರ ಏರದೆ, ದೇಹತೂಕವೂ ಅಲ್ಲೇ ನಿಂತಿದ್ದರೆ, ಪ್ರೋಟೀನನ್ನು ಇನ್ನೂ ಏರಿಸುವ ಮೊದಲು ಒಟ್ಟು ಕ್ಯಾಲೊರಿಯನ್ನು ನೋಡಬೇಕು. ಊಟವೇ ಕಡಿಮೆಯಾದಾಗ ದೇಹವು ಪ್ರೋಟೀನನ್ನು ಹೆಚ್ಚಾಗಿ ಇಂಧನವಾಗಿ ಸುಡುತ್ತದೆ.